ಕೆಟಿ ಅಂದರೇನು? ಹಳೇ ಮೇಸ್ತ್ರಿ ನಿವೃತ್ತಿಯಾಗುವ ಮುಂಚೆ ಲೇತ್ ಶಾಪ್ ಮಾಡಬೇಕಾದ ಕೆಲಸ

ಐಟಿಯವರಿಗೆ ಈ ಪದ ಹೊಸದಲ್ಲ. ಯಾರಾದರೂ ರಾಜೀನಾಮೆ ಕೊಟ್ಟರೆ ಸಾಕು, ಕೊನೆಯ ಕೆಲವು ವಾರ ‘ಕೆಟಿ’ ನಡೆಯುತ್ತದೆ. ನಾಲೆಡ್ಜ್ ಟ್ರಾನ್ಸ್‌ಫರ್, ಅಂದರೆ ಹೋಗುವವರಿಗೆ ಗೊತ್ತಿರುವುದನ್ನು ಉಳಿಯುವವರಿಗೆ ದಾಟಿಸುವುದು. ಅಲ್ಲಿ ಕೋಡ್ ಇರುತ್ತದೆ, ಡಾಕ್ಯುಮೆಂಟ್ ಇರುತ್ತದೆ, ಹಳೇ ಇಮೇಲ್ ಹುಡುಕಿದರೂ ಏನಾದರೂ ಸಿಗುತ್ತದೆ. ಆದರೆ ಪೀಣ್ಯದಲ್ಲಿ 12 ಜನ ಕೆಲಸ ಮಾಡುವ ಒಂದು ಲೇತ್ ಶಾಪ್ ಅಂದುಕೊಳ್ಳಿ. 27 ವರ್ಷ ದುಡಿದ ಮೇಸ್ತ್ರಿ ಮುಂದಿನ ವರ್ಷ ನಿವೃತ್ತಿಯಾಗುತ್ತಾರೆ. ಅವರ ಕೆಲಸ ಯಾವ ಫೈಲಿನಲ್ಲೂ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಚಾರ್ಜ್ ಕೊಡುವುದು ಬೇರೆ, ಕೆಟಿ ಬೇರೆ. ಬೀರು ಕೀಲಿ, ಟೂಲ್ ಸ್ಟಾಕ್ ಪುಸ್ತಕ, ಗನ್‌ಮೆಟಲ್ ಸಪ್ಲೈ ಮಾಡುವವರ ಫೋನ್ ನಂಬರ್, ಯಾವ ಗ್ರಾಹಕರ ಡ್ರಾಯಿಂಗ್ ಯಾವ ಕಪಾಟಿನಲ್ಲಿದೆ ಅನ್ನುವುದು, ಇವೆಲ್ಲ ಚಾರ್ಜ್. ಒಂದು ಮಧ್ಯಾಹ್ನ ಕೂತು ಬರೆದುಕೊಂಡರೆ ಮುಗಿಯಿತು. ಕೆಟಿ ಅನ್ನುವುದು ಕೇಳಿದ ತಕ್ಷಣ ಅವರ ಬಾಯಿಗೆ ಬರದ ಭಾಗ. ಮೈಕೆಲ್ ಪೊಲಾನ್ಯಿ ಅನ್ನುವ ಚಿಂತಕ ಇದಕ್ಕೆ ‘ಟ್ಯಾಸಿಟ್ ನಾಲೆಡ್ಜ್’ ಅಂತ ಹೆಸರಿಟ್ಟರು. ಮನುಷ್ಯನಿಗೆ ತಾನು ಹೇಳಬಲ್ಲದ್ದಕ್ಕಿಂತ ಜಾಸ್ತಿ ಗೊತ್ತಿರುತ್ತದೆ ಅನ್ನುವುದು ಅವರ ಮಾತು.

ಅದಕ್ಕೇ “ಮೇಸ್ತ್ರಿ, ನಿಮಗೆ ಗೊತ್ತಿರೋದೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದುಬಿಡಿ” ಅಂತ ಹೇಳುವುದು ದಂಡ. ಅವರು ಬರೆಯುವುದು ಎಲ್ಲರಿಗೂ ಗೊತ್ತಿರುವುದನ್ನೇ. ಬೇರೆಯವರಿಗೆ ಗೊತ್ತಿಲ್ಲದ್ದು ಅವರಿಗೆ ಅಷ್ಟು ಸಹಜವಾಗಿರುತ್ತದೆ, ಬರೆಯುವಂಥದ್ದು ಅಂತ ಅನ್ನಿಸುವುದೇ ಇಲ್ಲ.

ಹಾಗಾದರೆ ಅದನ್ನು ಹುಡುಕುವುದು ಹೇಗೆ? ಅವರನ್ನು ಕೇಳಬೇಡಿ, ಅವರನ್ನು ಕರೆಯುವವರನ್ನು ನೋಡಿ. ಆಫೀಸ್ ಗೋಡೆಗೆ ಒಂದು ಹಾಳೆ ಅಂಟಿಸಿ. ಒಂದು ತಿಂಗಳು, ಯಾರು ಯಾವ ಕಾರಣಕ್ಕೆ “ಮೇಸ್ತ್ರಿ, ಸ್ವಲ್ಪ ಬನ್ನಿ” ಅಂದರೂ ಅದರಲ್ಲಿ ಒಂದು ಸಾಲು ಬರೆಯಲಿ. ಅವರು ರಜೆಯಲ್ಲಿದ್ದಾಗ ಮನೆಗೆ ಹೋದ ಫೋನ್ ಕೂಡ ಸೇರಲಿ. ತಿಂಗಳ ಕೊನೆಗೆ ಅದೇ ನಿಮ್ಮ ಪಟ್ಟಿ. ಸುಮಾರು ಸಾಲುಗಳು ಚಾರ್ಜ್ ಕೊಡುವಾಗಲೇ ತೀರುವಂಥವು. ಒಂದೇ ಜಾಬಿನ ಹೆಸರು ಮತ್ತೆ ಮತ್ತೆ ಬಂದಿದ್ದರೆ ನಿಜವಾದ ಕೆಲಸ ಇರುವುದು ಅಲ್ಲಿ.

ನಮ್ಮ ಶಾಪಿನಲ್ಲಿ ಹಾಗೆ ಬಂದ ಜಾಬ್ ಒಂದು ತೆಳು ಗನ್‌ಮೆಟಲ್ ಬುಷ್, ಅಂದರೆ ಕೊಳವೆಯಂಥ ಬಿಡಿಭಾಗ, ಅಂದುಕೊಳ್ಳೋಣ. ಒಳಗಿನ ತೂತು, ಅಂದರೆ ಬೋರ್, 80 ಮಿಲಿಮೀಟರ್, ಡ್ರಾಯಿಂಗ್ ಪ್ರಕಾರ 0ಯಿಂದ +30 ಮೈಕ್ರಾನ್ ಒಳಗೆ ಇರಬೇಕು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮೇಸ್ತ್ರಿ ಮಾಡಿದರೆ ಪಾಸ್. ಜಿಟಿಟಿಸಿ ಅನ್ನುವ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಡಿಪ್ಲೊಮಾ ಮಾಡಿಕೊಂಡು ಬಂದ ಹುಡುಗ ಅದೇ ಮಷೀನಿನಲ್ಲಿ, ಅದೇ ಟೂಲಿನಲ್ಲಿ ಮಾಡಿದರೆ ರಿಜೆಕ್ಟ್. ವಿಚಿತ್ರ ಏನೆಂದರೆ ಹುಡುಗನ ಬೋರ್ ಗೇಜ್ ಯಾವ ದಿಕ್ಕಿಗೆ ತಿರುಗಿಸಿದರೂ ಸರಿಯಾದ ಅಳತೆಯನ್ನೇ ತೋರಿಸುತ್ತದೆ, ಆದರೆ ಗ್ರಾಹಕರ ಕಡೆ ತೂತಿನ ಅಳತೆ ನೋಡುವ ಗುಂಡು ಸರಳು, ಪ್ಲಗ್ ಗೇಜ್, ಒಳಗೆ ಹೋಗುವುದಿಲ್ಲ.

ಕಾರಣ ಚಕ್, ಅಂದರೆ ಜಾಬನ್ನು ಹಿಡಿದು ತಿರುಗಿಸುವ ಲೇತಿನ ಭಾಗ. ಅದು ಹಿಡಿಯುವ ತುಂಡುಗಳೇ ಜಾ. ಮೂರು ಜಾ ಇರುವ ಚಕ್‌ನಲ್ಲಿ ತೆಳು ಬುಷ್ ಬಿಗಿದರೆ ಮೂರು ಕಡೆ ಒಳಕ್ಕೆ ಅಮುಕುತ್ತದೆ. ಅಮುಕಿಕೊಂಡಿರುವಾಗಲೇ ಗುಂಡಗೆ ಬೋರ್ ಮಾಡುತ್ತೀರಿ. ಚಕ್ ಬಿಚ್ಚಿದ ತಕ್ಷಣ ಬುಷ್ ತನ್ನ ಆಕಾರಕ್ಕೆ ವಾಪಸ್ ಹೋಗುತ್ತದೆ, ಬೋರ್ ಮೂರು ಕಡೆ ಉಬ್ಬುತ್ತದೆ. ಎರಡು ಬಿಂದುಗಳಲ್ಲಿ ತಾಗುವ ಬೋರ್ ಗೇಜ್‌ಗೆ ಈ ತಪ್ಪು ಕಾಣುವುದಿಲ್ಲ, ಯಾಕೆಂದರೆ ಒಂದು ಕಡೆ ಉಬ್ಬಿದ್ದರೆ ಅದರ ಎದುರಿಗೆ ಸರಿಯಾಗಿ ತಗ್ಗಿರುತ್ತದೆ, ಒಟ್ಟು ಅಳತೆ ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ ಬರುತ್ತದೆ. ಪ್ಲಗ್ ಗೇಜ್ ಸುತ್ತಲೂ ತಾಗುವುದರಿಂದ ಅದು ಹಿಡಿದುಬಿಡುತ್ತದೆ.

ಮೇಸ್ತ್ರಿ ಏನು ಮಾಡುತ್ತಾರೆ? ರಫ್ ಬೋರ್ ಮುಗಿಸಿ, ಕೊನೆಯ ಕಟ್‌ಗೆ ಸ್ವಲ್ಪ ಮೆಟಲ್ ಉಳಿಸಿಕೊಂಡು, ಚಕ್ ಸಡಿಲಿಸುತ್ತಾರೆ. ಆಮೇಲೆ ಹಗುರಕ್ಕೆ ಬಿಗಿದು, ಮುಳ್ಳಿನಲ್ಲಿ ಸಣ್ಣ ಅಲುಗಾಟವನ್ನೂ ತೋರಿಸುವ ಡಯಲ್ ಗೇಜ್ ಹಾಕಿ ಸೆಂಟರ್ ನೋಡಿ, ಸಣ್ಣ ಕಟ್ ಕೊಡುತ್ತಾರೆ. ಈ ಸಡಿಲಿಸುವ ಕೆಲಸ ಕೆಲವೇ ಸೆಕೆಂಡಿನದು. ಹುಡುಗ ಪಕ್ಕದಲ್ಲೇ ನಿಂತು ಎಷ್ಟೋ ಸಲ ನೋಡಿರುತ್ತಾನೆ, ಆದರೆ ಜಾಬ್ ಸರಿಯಾಗಿ ಕೂರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಿರುತ್ತಾನೆ.

ಇಂಥದ್ದನ್ನು ಹೊರಗೆ ತೆಗೆಯಲು ನನಗೆ ಗೊತ್ತಿರುವ ಒಳ್ಳೇ ದಾರಿ ಮೊಬೈಲ್ ವಿಡಿಯೋ. ಮುಖ ಅಲ್ಲ, ಕೈ ಮಾತ್ರ ಕಾಣುವ ಹಾಗೆ ಹಿಡಿಯಿರಿ. ಕೆಲಸ ಮಾಡುತ್ತಾ ವಿವರಿಸಿ ಅಂತ ಒತ್ತಾಯ ಮಾಡಬೇಡಿ. ಮಾತಾಡಲು ಹೋದರೆ ಕೈ ತಪ್ಪುತ್ತದೆ, ಇಲ್ಲಾಂದ್ರೆ ಪುಸ್ತಕದ ಮಾತು ಬರುತ್ತದೆ. ಅವತ್ತೇ ಸಂಜೆ ಟೀ ಕುಡಿಯುವಾಗ ಇಬ್ಬರೂ ಕೂತು ವಿಡಿಯೋ ಹಾಕಿ, ಕೈ ನಿಂತ ಕಡೆಯೆಲ್ಲ ನಿಲ್ಲಿಸಿ ಕೇಳಬೇಕು: “ಅಣ್ಣಾ, ಇಲ್ಲಿ ಯಾಕೆ ನಿಲ್ಲಿಸಿದ್ರಿ? ಏನು ನೋಡ್ತಾ ಇದ್ರಿ?” ಆಗ ಬರುತ್ತದೆ ಉತ್ತರ. “ಬಿಸಿ ಇತ್ತು ಕಣೋ, ಆರಲಿ ಅಂತ.”

ಆ ‘ಬಿಸಿ’ ಕೂಡ ಸುಮ್ನೆ ಅಲ್ಲ. ಗನ್‌ಮೆಟಲ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 18 ಮೈಕ್ರಾನ್ ಹಿಗ್ಗುತ್ತದೆ. 80 ಮಿಲಿಮೀಟರ್ ಬೋರು 15 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಹತ್ತಿರ ಹತ್ತಿರ 22 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಬಿಸಿಯಲ್ಲಿ +10 ಅಂತ ಅಳೆದು ಖುಷಿಪಟ್ಟ ಬುಷ್ ಆರಿದ ಮೇಲೆ -12 ಆಗಿರುತ್ತದೆ. ಹುಡುಗನಿಗೆ ಥಿಯರಿ ಗೊತ್ತಿಲ್ಲ ಅಂತಲ್ಲ, ಪರೀಕ್ಷೆಯಲ್ಲಿ ಬರೆದೂ ಇರುತ್ತಾನೆ. ಎಷ್ಟು ಬಿಸಿ ಅಂದರೆ ಕಾಯಬೇಕು ಅನ್ನುವುದು ಮೇಸ್ತ್ರಿಯ ಅಂಗೈಗೆ ಗೊತ್ತಿದೆ, ಇವನಿಗಿಲ್ಲ, ಅಷ್ಟೇ.

ಈಗ ಕಷ್ಟದ ಪ್ರಶ್ನೆ. ‘ಹಗುರಕ್ಕೆ ಬಿಗಿ’ ಅಂದರೆ ಎಷ್ಟು ಹಗುರ? ಜಾಸ್ತಿಯಾದರೆ ಬೋರ್ ಕೆಡುತ್ತದೆ, ಕಮ್ಮಿಯಾದರೆ ಕಟ್ ಕೊಡುವಾಗ ಜಾಬ್ ಜಾರಿ ಹಾಳಾಗುತ್ತದೆ, ಚಕ್ಕಿನಿಂದ ಹಾರಿದರೆ ಅಪಾಯ ಬೇರೆ. ಇದನ್ನು ಬರೀ ಅಭ್ಯಾಸಕ್ಕೆ ಬಿಡಬೇಕಾಗಿಲ್ಲ. ಜಾಬ್ ಒಳಗೆ, ಒಂದು ಜಾ ಇರುವ ಜಾಗದಲ್ಲಿ ಡಯಲ್ ಇಟ್ಟು ಮೇಸ್ತ್ರಿಗೆ ಬಿಗಿಯಲು ಹೇಳಿ, ಮುಳ್ಳು ಎಷ್ಟು ಸರಿಯಿತು ಅಂತ ನೋಡಿಕೊಳ್ಳಿ. ನಾಲ್ಕೈದು ಬುಷ್ ಹಾಗೆ ನೋಡಿದರೆ ಅವರ ಕೈಯ ಅಂದಾಜು ನಿಮಗೆ ಮೈಕ್ರಾನ್‌ನಲ್ಲಿ ಸಿಗುತ್ತದೆ. ಆಮೇಲೆ ಹುಡುಗ ಅದೇ ಡಯಲ್ ನೋಡಿಕೊಂಡು ಬಿಗಿಯಲಿ. ಕೈ ಕೂತ ಮೇಲೆ ಡಯಲ್ ಬೇಕಾಗುವುದಿಲ್ಲ. ಇನ್ನೂ ಒಳ್ಳೇದು ಬುಷ್‌ನ ಹೊರ ಅಳತೆಗೆ ಸರಿಯಾಗಿ ಬೋರ್ ಮಾಡಿದ ಸಾಫ್ಟ್ ಜಾ, ಅಂದರೆ ಬೇಕಾದ ಅಳತೆಗೆ ಕೊರೆದುಕೊಳ್ಳಬಹುದಾದ ಮೆತ್ತಗಿನ ಜಾ, ಹಾಕುವುದು. ಹಿಡಿತ ಅಗಲಕ್ಕೆ ಹರಡುತ್ತದೆ, ಕೈಚಳಕದ ಮೇಲಿನ ಭಾರ ಅಷ್ಟರಮಟ್ಟಿಗೆ ಕಮ್ಮಿ.

ಮೇಸ್ತ್ರಿಗೆ ಗೊತ್ತಿರುವುದೆಲ್ಲ ದಾಟಿಸಬೇಕಾದ್ದಲ್ಲ ಅನ್ನುವುದನ್ನು ಸುಮಾರು ಜನ ಯೋಚಿಸುವುದೇ ಇಲ್ಲ. ಒಂದು ಉದಾಹರಣೆ: ಮೂಲೆಯ ಹಳೇ ಲೇತಿನಲ್ಲಿ ಬೋರ್ ಮಾಡಿದರೆ ಟೇಪರ್ ಬರುತ್ತದೆ, ಅಂದರೆ ತೂತಿನ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಮೇಸ್ತ್ರಿ ಅರ್ಧ ದಾರಿಯಲ್ಲಿ ಕ್ರಾಸ್ ಸ್ಲೈಡ್ ಹ್ಯಾಂಡಲ್ಲನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಿಕೊಳ್ಳುತ್ತಾರೆ. ನೋಡಿದವರು “ಎಂಥಾ ಕೈ!” ಅಂತಾರೆ. ನಿಜವಾಗಿ ಅದು ಮಷೀನಿನ ಕಾಯಿಲೆ. ನೆಲ ಕುಸಿದು ಲೆವೆಲ್ ಹೋಗಿದ್ದರೆ ಬೆಡ್ ತಿರುಚಿಕೊಳ್ಳುತ್ತದೆ, ಟೇಪರ್ ಬರುತ್ತದೆ. ಸೂಕ್ಷ್ಮ ಸ್ಪಿರಿಟ್ ಲೆವೆಲ್ ಇಟ್ಟು ಲೆವೆಲಿಂಗ್ ಬೋಲ್ಟ್ ಸರಿಮಾಡಿದರೆ ಆ ಟ್ರಿಕ್ಕೇ ಬೇಡ. ಹಾಗೇ ಕಲಿಸಿಬಿಟ್ಟರೆ ಮುಂದಿನ 20 ವರ್ಷ ಇನ್ನೊಬ್ಬರು ಅದನ್ನೇ ಮಾಡಿಕೊಂಡಿರುತ್ತಾರೆ. ಆದ್ದರಿಂದ ಪ್ರತಿ ಟ್ರಿಕ್‌ಗೂ “ಇದು ಯಾವಾಗಿಂದ?” ಅಂತ ಕೇಳಿ. ಉತ್ತರದಲ್ಲಿ ಯಾವುದೋ ಮಷೀನ್ ಕೆಟ್ಟ ಕಥೆ ಬಂದರೆ ಮಷೀನ್ ರಿಪೇರಿ ಮಾಡಿ. ಮಾರಿ ಹೋದ ಮಷೀನಿನ ಕಥೆ ಬಂದರೆ ಆ ಅಭ್ಯಾಸವನ್ನೇ ಬಿಟ್ಟುಬಿಡಿ.

ಎಷ್ಟು ಮುಂಚೆ ಶುರು ಮಾಡಬೇಕು? ನನ್ನ ಪ್ರಕಾರ ಒಂದು ವರ್ಷ. ಕಲಿಯಲು ಅಷ್ಟು ಸಮಯ ಬೇಕು ಅಂತ ಅಲ್ಲ. ಏಪ್ರಿಲ್ ಮಧ್ಯಾಹ್ನದ ಶೀಟಿನ ಶೆಡ್ಡೂ ಡಿಸೆಂಬರ್ ಬೆಳಗಿನ ಶೆಡ್ಡೂ ಒಂದೇ ಅಲ್ಲ. ಮಾರ್ಚ್ ಕೊನೆಯ ಅವಸರ, ಆಯುಧಪೂಜೆಗೆ ಮಷೀನೆಲ್ಲ ಬಿಚ್ಚಿ ತೊಳೆದು ಎಣ್ಣೆ ಹಾಕುವುದು, ಇವೆಲ್ಲ ವರ್ಷಕ್ಕೊಂದೇ ಸಲ. ಮೂರು ತಿಂಗಳ ಕೆಟಿಯಲ್ಲಿ ಇವುಗಳಲ್ಲಿ ಮುಕ್ಕಾಲು ತಪ್ಪಿಹೋಗುತ್ತದೆ.

ಇನ್ನು ಇದನ್ನೆಲ್ಲ ಕೆಡಿಸುವುದು ಡೆಲಿವರಿ. ಸಣ್ಣ ಶಾಪಿನಲ್ಲಿ ಒಂದು ಮಷೀನಿಗೆ ಇಬ್ಬರನ್ನು ನಿಲ್ಲಿಸುವುದು ಮಾಲೀಕರಿಗೆ ಹೊಟ್ಟೆಯುರಿಯ ವಿಷಯ. “ಇವತ್ತು ಬೇಡ, ನಾಳೆ ಕಲಿಸಿ” ಅಂತ ಶುರುವಾದರೆ ಆ ನಾಳೆ ಬರುವುದೇ ಇಲ್ಲ. ವಾರಕ್ಕೆ ಎರಡು ದಿನ, ಎರಡೆರಡು ಗಂಟೆ ಅಂತ ಗೊತ್ತುಮಾಡಿ, ಆ ಹೊತ್ತಿನ ಪೀಸ್ ಲೆಕ್ಕ ಕೇಳುವುದಿಲ್ಲ ಅಂತ ಇಬ್ಬರಿಗೂ ಮೊದಲೇ ಹೇಳಿಬಿಡಬೇಕು. ಮೇಸ್ತ್ರಿ ಮಾಡಿ ಹುಡುಗ ನೋಡುವುದು, ಹುಡುಗ ಮಾಡಿ ಮೇಸ್ತ್ರಿ ನೋಡುವುದು, ಕೊನೆಗೆ ಮೇಸ್ತ್ರಿ ಆ ಕಡೆಗೇ ಬರದಿರುವುದು. ಮೂರನೇದು ಅವರಿಗೆ ಬಹಳ ಕಷ್ಟ. ತಪ್ಪು ಕಂಡರೆ ಕೈ ಹಾಕದೇ ಇರಲಾರರು.

ಮೇಸ್ತ್ರಿಯ ಮನಸ್ಸಿನಲ್ಲೂ ಒಂದು ಲೆಕ್ಕ ಇರುತ್ತದೆ, ಅಲ್ವಾ? ಕಲಿಸಿಬಿಟ್ಟರೆ ಬೇಗ ಕಳಿಸಿಬಿಡುತ್ತಾರೆ ಅನ್ನುವ ಭಯ. ಅದನ್ನು ಸಣ್ಣತನ ಅನ್ನಬೇಡಿ, ಅಂಥದ್ದು ನಡೆಯುತ್ತದೆ. ಹಾಗಾಗಿ ಮೊದಲ ಮಾತು ಕಲಿಸುವುದರ ಬಗ್ಗೆ ಅಲ್ಲ, ಹೋಗುವ ದಿನಾಂಕ ಮತ್ತು ದುಡ್ಡಿನ ಬಗ್ಗೆ. ಗ್ರಾಚ್ಯುಟಿ ಲೆಕ್ಕ ಹಾಕಿ ತೋರಿಸಿ: ಕೊನೆಯ ಮೂಲ ವೇತನ ಮತ್ತು ಡಿಎ ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಸರ್ವಿಸ್ ವರ್ಷಗಳಿಂದ ಗುಣಿಸಬೇಕು. ವೇತನ 28,000 ಇದ್ದರೆ 27 ವರ್ಷಕ್ಕೆ ಸುಮಾರು 4.36 ಲಕ್ಷ ಆಗುತ್ತದೆ. ನಿವೃತ್ತಿಯಾದ ಮೇಲೆ ಕರೆಸಿದರೆ ದಿನಕ್ಕೆ ಇಷ್ಟು ಅಂತ ಅದನ್ನೂ ಈಗಲೇ ಬರೆದುಕೊಡಿ.

ಉಳಿದದ್ದು ಕಾರ್ಡ್. ಜಾಬಿಗೆ ಒಂದು ಪುಟ, ಕನ್ನಡದಲ್ಲಿ, ಮಷೀನ್ ಪಕ್ಕದಲ್ಲೇ ನೇತುಹಾಕಿ. ನಮ್ಮ ಬುಷ್‌ಗೆ ಅದರಲ್ಲಿ ಇರಬೇಕಾದ್ದು ಇಷ್ಟೇ: ರಫ್ ಆದ ಮೇಲೆ ಚಕ್ ಸಡಿಲಿಸು, ಡಯಲ್ ಮುಳ್ಳು ಇಷ್ಟಕ್ಕಿಂತ ಜಾಸ್ತಿ ಸರಿಯದ ಹಾಗೆ ಬಿಗಿ, ಆರಿದ ಮೇಲೆ ಅಳೆ, ಬೋರ್ ಗೇಜ್ ಸರಿ ತೋರಿಸಿದರೂ ಚಕ್ ಬಿಚ್ಚಿ ಪ್ಲಗ್ ಗೇಜ್ ಹಾಕು. ಕೊನೆಯ ಸಾಲು ಮುಖ್ಯ. ಹೇಗೆ ಮಾಡಬೇಕು ಅಂತ ಎಲ್ಲರೂ ಬರೆಯುತ್ತಾರೆ, ತಪ್ಪಾಗಿದ್ದರೆ ಹೇಗೆ ಗೊತ್ತಾಗುತ್ತದೆ ಅಂತ ಯಾರೂ ಬರೆಯುವುದಿಲ್ಲ.

ಇದೆಲ್ಲ ಆಯಿತೋ ಇಲ್ಲವೋ ಅಂತ ನೋಡಲು ನಿವೃತ್ತಿಗೆ ಮೂರ್ನಾಲ್ಕು ತಿಂಗಳು ಮುಂಚೆ ಮೇಸ್ತ್ರಿಗೆ ಒಂದು ವಾರ ಸಂಬಳದ ರಜೆ ಕೊಟ್ಟು ಕಳಿಸಿ. ಫೋನ್ ಮಾಡುವ ಹಾಗಿಲ್ಲ. ಬೇಕು ಅನ್ನಿಸಿದಾಗಲೆಲ್ಲ ಅದೇ ಗೋಡೆಯ ಹಾಳೆಯ ಮೇಲೆ ಬರೆಯಬೇಕು. ಅವರು ವಾಪಸ್ ಬಂದ ದಿನ ಹಾಳೆ ಅವರ ಕೈಗೆ ಕೊಡಿ. ಉಳಿದ ತಿಂಗಳುಗಳಲ್ಲಿ ಏನು ಕಲಿಸಬೇಕು ಅನ್ನುವುದು ಅದರಲ್ಲಿರುತ್ತದೆ. ಯಾವುದಾದರೂ ಜಾಬ್ ಆಗಲೂ ಕೈಗೆ ಹತ್ತದಿದ್ದರೆ ಆ ಗ್ರಾಹಕರಿಗೆ ಈಗಲೇ ಫೋನ್ ಮಾಡಿ ಟಾಲರೆನ್ಸ್ ಸಡಿಲಿಸಲು ಆಗುತ್ತಾ ಕೇಳಿ, ಇಲ್ಲವಾದರೆ ಆ ಆರ್ಡರ್ ಬಿಟ್ಟುಕೊಡಿ.