ಹೊಸಂಗಡಿ ಘಾಟಿ, ಮಂಗಳೂರು ಕೋಟೆ ಮತ್ತು ಯುದ್ಧದ ಮೂರು ಸ್ತರಗಳು

ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ದಾಟಿ ಘಾಟಿ ಹತ್ತಿದರೆ ಬಿದನೂರು ಸಿಗುತ್ತದೆ. ಹೈದರ್ ನಗರವಾಗಿ, ಈಗ ಬರೀ ನಗರ ಎನಿಸಿಕೊಂಡಿರುವ ಊರು ಅದು. 1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸರಕಾರ ಕಳುಹಿಸಿದ ಸೈನ್ಯ ಇದೇ ದಿಕ್ಕಿನಿಂದ ಘಾಟಿ ಏರಿ, ಬಿದನೂರನ್ನು ಹೆಚ್ಚುಕಡಿಮೆ ಹೋರಾಟವಿಲ್ಲದೆ ವಶಪಡಿಸಿಕೊಂಡಿತು. ಮಾರ್ಚ್‌ನಲ್ಲಿ ಮಂಗಳೂರು ಕೋಟೆಯೂ ಅದರ ಕೈಸೇರಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಎರಡೂ ಮತ್ತೆ ಟಿಪ್ಪುವಿನ ವಶಕ್ಕೆ ಬಂದಿದ್ದವು.

ನಿವೃತ್ತನಾಗಿ ಉಡುಪಿಯಲ್ಲಿ ನೆಲೆಸಿದ ಮೇಲೆ ಕಾಲೇಜುಗಳಲ್ಲಿ ಸೇನೆಯ ಬಗ್ಗೆ ಉಪನ್ಯಾಸ ಕೊಡುವಾಗ ಈ ಪ್ರಸಂಗವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಕೊನೆಯಲ್ಲಿ ಯಾರಾದರೊಬ್ಬರು ಎದ್ದು, "ಸರ್, ಹಾಗಾದರೆ ಗೆದ್ದವರು ಯಾರು?" ಎಂದು ಕೇಳುತ್ತಾರೆ. ಯಾವ ಸ್ತರದಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆ ಸ್ತರಗಳು ಯಾವುವು ಎಂಬುದನ್ನು ವಿವರಿಸಲು ಈ ಅಂಕಣ.

ಸೇನೆಯಲ್ಲಿ ಯೋಜನೆ ಮೂರು ಸ್ತರಗಳಲ್ಲಿ ನಡೆಯುತ್ತದೆ. ಯುದ್ಧ ಮಾಡಬೇಕೇ, ಯಾತಕ್ಕಾಗಿ, ಏನು ಸಿಕ್ಕರೆ ನಿಲ್ಲಿಸಬೇಕು ಎಂದು ನಿರ್ಧರಿಸುವುದು ಸ್ಟ್ರಾಟಜಿ. ಅದು ಸರಕಾರ ಮತ್ತು ಸೇನಾ ಮುಖ್ಯಸ್ಥರ ಕೆಲಸ. ಎದುರಿಗಿರುವ ಗುಡ್ಡವನ್ನೋ ಸೇತುವೆಯನ್ನೋ ಹೇಗೆ ಹಿಡಿಯುವುದು, ಮೆಷಿನ್‌ಗನ್ ಎಲ್ಲಿಡುವುದು, ಯಾವ ಹೊತ್ತಿಗೆ ನುಗ್ಗುವುದು ಎಂಬುದು ಟ್ಯಾಕ್ಟಿಕ್ಸ್. ಅದು ಬೆಟಾಲಿಯನ್, ಕಂಪನಿ, ಪ್ಲಟೂನ್‌ಗಳ ಕೆಲಸ. ಇವೆರಡರ ನಡುವೆ ಆಪರೇಷನ್ ಎಂಬ ಸ್ತರವಿದೆ. ಯಾವ ಗುಡ್ಡ ಹಿಡಿಯಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು, ಯಾವ ಕದನ ಮೊದಲು, ಯಾವುದು ನಂತರ, ಅಲ್ಲಿಯವರೆಗೆ ಅಕ್ಕಿ, ಮದ್ದುಗುಂಡು ಯಾವ ದಾರಿಯಲ್ಲಿ ಬರಬೇಕು ಎಂಬುದೆಲ್ಲ ಇಲ್ಲಿ ತೀರ್ಮಾನವಾಗುತ್ತದೆ. ದೊಡ್ಡ ಸೇನಾ ತುಕಡಿಗಳ ದಂಡನಾಯಕರು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಹೊರಗಿನವರ ಕಣ್ಣಿಗೆ ಎಲ್ಲಕ್ಕಿಂತ ಕಡಿಮೆ ಬೀಳುವುದೂ ಈ ಸ್ತರವೇ.

ಈಗ 1783ಕ್ಕೆ ಬರೋಣ. ಎರಡನೆಯ ಆಂಗ್ಲೋ–ಮೈಸೂರು ಯುದ್ಧ ನಡೆಯುತ್ತಿತ್ತು. ಮೈಸೂರಿನ ಮುಖ್ಯ ಸೈನ್ಯ ಪೂರ್ವದಲ್ಲಿ, ಕರ್ನಾಟಿಕ್ ಎಂದು ಕರೆಯುತ್ತಿದ್ದ ಆರ್ಕಾಟ್ ಸೀಮೆಯಲ್ಲಿ ಮದ್ರಾಸಿನ ಇಂಗ್ಲಿಷರನ್ನು ಕಾಡುತ್ತಿತ್ತು. ಫ್ರೆಂಚರು ಮೈಸೂರಿನ ಜೊತೆಗಿದ್ದರು. 1782ರ ಡಿಸೆಂಬರ್ 7ರಂದು ಹೈದರ್ ಅಲಿ ತೀರಿಕೊಂಡ. ಪಶ್ಚಿಮ ಕರಾವಳಿಯಲ್ಲಿ ಬಲವಾದ ಪೆಟ್ಟು ಕೊಟ್ಟರೆ ಟಿಪ್ಪು ಪೂರ್ವವನ್ನು ಬಿಟ್ಟು ಈ ಕಡೆ ಓಡಿ ಬರಲೇಬೇಕು, ಮದ್ರಾಸಿನ ಮೇಲಿನ ಒತ್ತಡ ಇಳಿಯುತ್ತದೆ ಎಂದು ಇಂಗ್ಲಿಷರು ಲೆಕ್ಕ ಹಾಕಿದರು. ಇದು ಸ್ಟ್ರಾಟಜಿ. ಬಿದನೂರಾಗಲಿ ಮಂಗಳೂರಾಗಲಿ ಇಲ್ಲಿ ಗುರಿಯಲ್ಲ, ಟಿಪ್ಪುವಿನ ಸೈನ್ಯವನ್ನು ಎಳೆಯುವ ಕೊಕ್ಕೆ ಮಾತ್ರ.

ದಂಡಿನ ನಾಯಕ ಬ್ರಿಗೇಡಿಯರ್ ಜನರಲ್ ರಿಚರ್ಡ್ ಮ್ಯಾಥ್ಯೂಸ್. ಆತ ಉತ್ತರ ಕನ್ನಡದ ಕರಾವಳಿಯಲ್ಲಿ ಇಳಿದು ಹೊನ್ನಾವರವನ್ನು ಹಿಡಿದಿದ್ದ. ಮೊದಲು ಕರಾವಳಿಯ ಕೋಟೆ, ಬಂದರುಗಳನ್ನು ಭದ್ರಪಡಿಸಿಕೊಂಡು ಆಮೇಲೆ ಘಾಟಿ ಹತ್ತುವುದು ಆತನ ಇಚ್ಛೆ. ಬಾಂಬೆ ಸರಕಾರ ಮಾತ್ರ ಹೈದರನ ಸಾವಿನ ಸುದ್ದಿ ತಿಳಿದೊಡನೆ ನೇರವಾಗಿ ಬಿದನೂರಿಗೆ ನುಗ್ಗಬೇಕೆಂದು ಆಜ್ಞೆ ಮಾಡಿತು. ಮ್ಯಾಥ್ಯೂಸ್ ಆಕ್ಷೇಪಿಸಿದ, ಆದರೂ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ. ಸೈನ್ಯ ಕುಂದಾಪುರವನ್ನು ಹಿಡಿದು ಹೊಸಂಗಡಿ ಘಾಟಿಯ ಕಾವಲುಗಳನ್ನು ಒಂದೊಂದಾಗಿ ದಾಟಿತು. ಬಿದನೂರಿನ ಅಧಿಕಾರಿ ಅಯಾಜ್‌ಗೆ ಟಿಪ್ಪುವಿನ ಮೇಲೆ ಭಯವಿತ್ತು. ಅವನು ಊರನ್ನು ತಾನಾಗಿಯೇ ಒಪ್ಪಿಸಿಬಿಟ್ಟ.

ಘಾಟಿ ಏರಿದ ಆ ಹೋರಾಟ ಟ್ಯಾಕ್ಟಿಕ್ಸ್ ದೃಷ್ಟಿಯಿಂದ ದಿಟ್ಟವಾದದ್ದು. ಬಾಂಬೆಯವರ ಉದ್ದೇಶವೂ ತಪ್ಪಲ್ಲ. ಯೋಜನೆ ಮುರಿದು ಬಿದ್ದದ್ದು ಇವೆರಡರ ನಡುವೆ. ಬಿದನೂರು ಸಿಕ್ಕಿದ ಮೇಲೆ ಅದನ್ನು ಉಳಿಸಿಕೊಳ್ಳಲು ಕೆಳಗಿನ ಕರಾವಳಿಯಿಂದ ಘಾಟಿಯ ಮೂಲಕ ಆಹಾರ, ಮದ್ದು, ಹೊಸ ಸೈನಿಕರು ಬರುತ್ತಲೇ ಇರಬೇಕಿತ್ತು. ಅಷ್ಟಕ್ಕೆ ಸಾಕಾಗುವಷ್ಟು ಸೈನ್ಯ ಮ್ಯಾಥ್ಯೂಸ್ ಬಳಿ ಇರಲಿಲ್ಲ. ಇದ್ದ ಸೈನ್ಯವೂ ಬಿದನೂರು, ಹೊನ್ನಾವರ, ಮಂಗಳೂರು, ಅನಂತಪುರ ಎಂದು ಹರಿದು ಹಂಚಿಹೋಗಿತ್ತು. ಸಾಲದೆಂಬಂತೆ ಕೊಳ್ಳೆಯ ಹಣದ ಹಂಚಿಕೆಗಾಗಿ ಅಧಿಕಾರಿಗಳು ಜಗಳವಾಡಿಕೊಂಡು, ಕೆಲವರು ದೂರು ಹೇಳಲು ಬಾಂಬೆಗೇ ಹೋದರು. ನಕ್ಷೆಯ ಮೇಲೆ ಇಂಗ್ಲಿಷರ ನೆಲ ಬೆಳೆಯುತ್ತಿತ್ತು. ಒಂದು ಕಡೆ ಪೆಟ್ಟು ಬಿದ್ದರೆ ಓಡಿ ಬರಬಲ್ಲ ಮೀಸಲು ಪಡೆ ಮಾತ್ರ ಎಲ್ಲೂ ಇರಲಿಲ್ಲ. ಆಪರೇಷನ್ ಸ್ತರದಲ್ಲಿ ಯೋಜನೆ ಕೆಡುತ್ತಿದೆ ಎಂಬುದಕ್ಕೆ ನಾನು ಮೊದಲು ಹುಡುಕುವ ಲಕ್ಷಣ ಇದೇ.

ಟಿಪ್ಪು ಅದನ್ನು ಕಂಡುಕೊಂಡ. ಮಾರ್ಚ್‌ನಲ್ಲಿ ಕರ್ನಾಟಿಕ್ ಬಿಟ್ಟು, ಫ್ರೆಂಚ್ ಅಧಿಕಾರಿ ಕಾಸಿನ್ಯಿಯ ತುಕಡಿಯನ್ನೂ ಕರೆದುಕೊಂಡು ಪಶ್ಚಿಮಕ್ಕೆ ಹೊರಟ. ಬಿದನೂರಿನ ಕೋಟೆಗೋಡೆಗೆ ತಲೆ ಚಚ್ಚಿಕೊಳ್ಳುವುದಷ್ಟೇ ಆತನ ಯೋಜನೆಯಾಗಿರಲಿಲ್ಲ. ತುಕಡಿಗಳನ್ನು ಕಳುಹಿಸಿ ಕವಲೇದುರ್ಗವನ್ನೂ ಘಾಟಿಯ ದಾರಿಯನ್ನೂ ಹಿಡಿಸಿದ. ಅಲ್ಲಿಗೆ ಮ್ಯಾಥ್ಯೂಸ್‌ಗೂ ಸಮುದ್ರಕ್ಕೂ ಇದ್ದ ಸಂಬಂಧ ಕಡಿದುಹೋಯಿತು. ಅದಾದ ಮೇಲೆ ಬಿದನೂರಿನ ಗೋಡೆ ಎಷ್ಟು ದಪ್ಪವಿದೆ ಎಂಬುದು ಮುಖ್ಯವಾಗಲಿಲ್ಲ, ಒಳಗೆ ಎಷ್ಟು ದಿನದ ಆಹಾರವಿದೆ ಎಂಬುದಷ್ಟೇ ಉಳಿಯಿತು. ಕೆಲವೇ ವಾರಗಳಲ್ಲಿ ಮ್ಯಾಥ್ಯೂಸ್ ಶರಣಾದ. ಒಂದು ದಾರಿಯನ್ನು ಹಿಡಿದು ಒಂದು ಸೈನ್ಯವನ್ನೇ ಕೆಳಗಿಳಿಸಿದ ಈ ನಡೆಯನ್ನು ಆಪರೇಷನ್ ಸ್ತರದ ಅಚ್ಚುಕಟ್ಟಾದ ಕೆಲಸವೆಂದು ನಾನು ಮೆಚ್ಚುತ್ತೇನೆ.

ನಂತರ ಟಿಪ್ಪು ಘಾಟಿ ಇಳಿದು ಮಂಗಳೂರಿಗೆ ಬಂದ. ಮೇ ತಿಂಗಳ ಉತ್ತರಾರ್ಧ, ಮಳೆಗಾಲ ಬಾಗಿಲಲ್ಲೇ ನಿಂತಿತ್ತು. ಕೋಟೆಯೊಳಗೆ ಜಾನ್ ಕ್ಯಾಂಬೆಲ್ ಎಂಬ ಅಧಿಕಾರಿಯ ಕೈಕೆಳಗೆ ಸುಮಾರು 700 ಯುರೋಪಿಯನ್ನರು, 2,000ಕ್ಕೂ ಹೆಚ್ಚು ಬಾಂಬೆ ಸಿಪಾಯಿಗಳು ಇದ್ದರು. (ಪ್ರವಾಸಿಗರು ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ನೋಡಿ ಮುತ್ತಿಗೆ ನಡೆದದ್ದು ಇಲ್ಲೇ ಎಂದುಕೊಳ್ಳುತ್ತಾರೆ. ಅದು ಮುತ್ತಿಗೆ ಮುಗಿದ ಮೇಲೆ ಕಟ್ಟಿದ ಕಾವಲು ಬುರುಜು.)

ಇಲ್ಲಿ ಟ್ಯಾಕ್ಟಿಕ್ಸ್ ಅನ್ನು ಹತ್ತಿರದಿಂದ ನೋಡಬಹುದು. ಟಿಪ್ಪುವಿನ ಪಡೆ ಮೊದಲು ಕೋಟೆಯ ಹೊರಗಿನ ದಿಬ್ಬದ ಠಾಣೆಯನ್ನು ಕಿತ್ತುಕೊಂಡಿತು. ಆಮೇಲೆ ಕಂದಕ ತೋಡುತ್ತ ಗೋಡೆಯ ಸಮೀಪಕ್ಕೆ ಸರಿಯಿತು. ಫಿರಂಗಿಗಳು ಗೋಡೆಯನ್ನು ಒಡೆದವು, ಮಾರ್ಟರ್‌ಗಳು ದೊಡ್ಡ ದೊಡ್ಡ ಕಲ್ಲುಗಳನ್ನೇ ಒಳಕ್ಕೆ ಎಸೆದವು. ಗೋಡೆಯಲ್ಲಿ ಬಿರುಕು ಬಿದ್ದಾಗಲೆಲ್ಲ ಮೈಸೂರಿನವರು ನುಗ್ಗಿದರು, ಒಳಗಿನವರು ಎದುರಿಸಿ ಹಿಂದಟ್ಟಿದರು. ಎರಡೂ ಕಡೆಯ ಸೈನಿಕರು ಶೌರ್ಯದಿಂದಲೇ ಹೋರಾಡಿದರು. ಮಳೆ ಹಿಡಿದಾಗ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ತೋಡಿದ ಕಂದಕ ಏನಾಗುತ್ತದೆ, ಮದ್ದಿನ ಪುಡಿಯನ್ನು ಒಣಗಿಸಿಡುವುದು ಎಷ್ಟು ಕಷ್ಟ ಎಂದು ಕರಾವಳಿಯವರಿಗೆ ನಾನು ವಿವರಿಸಬೇಕಾಗಿಲ್ಲ.

ಮಳೆಯಿಂದ ಟಿಪ್ಪುವಿಗೆ ಒಂದು ಅನುಕೂಲವೂ ಇತ್ತು. ಜೂನ್‌ನಿಂದ ಈ ಕಡಲಿನಲ್ಲಿ ಹಡಗು ದಡಕ್ಕೆ ಬರುವುದು ದುಸ್ತರ. ಅಷ್ಟೂ ಕಾಲ ಬಾಂಬೆಯಿಂದ ಕೋಟೆಗೆ ನೆರವು ತಲುಪುವಂತಿರಲಿಲ್ಲ. ಕೋಟೆಯನ್ನು ಗೆಲ್ಲಲು ಟಿಪ್ಪುವಿಗೆ ಸಿಕ್ಕ ಅವಧಿ ಅದು, ಆ ಅವಧಿಯಲ್ಲಿ ಕೋಟೆ ಬೀಳಲಿಲ್ಲ.

ಅಷ್ಟರಲ್ಲಿ ಮೇಲಿನ ಸ್ತರವೇ ಬದಲಾಯಿತು. ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಸಂಧಿ ಮಾಡಿಕೊಂಡ ಸುದ್ದಿ ಭಾರತಕ್ಕೆ ತಲುಪಿತು. ಕಾಸಿನ್ಯಿಯ ಫ್ರೆಂಚರು ಇನ್ನು ಇಂಗ್ಲಿಷರ ವಿರುದ್ಧ ಹೋರಾಡಲಾರೆವೆಂದು ಮುತ್ತಿಗೆಯಿಂದ ಹಿಂದೆ ಸರಿದರು. ಆಗಸ್ಟ್ 2ರಂದು ಮಂಗಳೂರಿನಲ್ಲಿ ಕದನವಿರಾಮವಾಯಿತು. ಕೋಟೆಯವರಿಗೆ ಆಹಾರ ಕೊಳ್ಳಲು ಅವಕಾಶ ಕೊಡುವುದಾಗಿ ಒಪ್ಪಂದವಿದ್ದರೂ ಅದು ದಿನದಿನಕ್ಕೆ ಕಿರಿದಾಗುತ್ತ ಹೋಯಿತು. ನವೆಂಬರ್‌ನಲ್ಲಿ ಜನರಲ್ ಮ್ಯಾಕ್ಲಿಯೋಡ್ ಹಡಗುಗಳೊಂದಿಗೆ ಬಂದನಾದರೂ ಕದನವಿರಾಮಕ್ಕೆ ಕಟ್ಟುಬಿದ್ದು ಸೈನ್ಯವನ್ನು ಇಳಿಸಲಿಲ್ಲ. ಒಳಗೆ ಹೋದ ಆಹಾರದಲ್ಲಿ ಬಹಳಷ್ಟು ಕೊಳೆತಿತ್ತು. ಹಸಿವು, ರೋಗಗಳಿಂದ ನಲುಗಿದ ಕ್ಯಾಂಬೆಲ್ 1784ರ ಜನವರಿ ಕೊನೆಯಲ್ಲಿ ಕೋಟೆಯನ್ನು ಒಪ್ಪಿಸಿದ. ಎರಡು ತಿಂಗಳು ತುಂಬುವ ಮೊದಲೇ ಬಾಂಬೆಯಲ್ಲಿ ತೀರಿಕೊಂಡ.

ಹಾಗಾದರೆ ಗೆದ್ದವರು ಯಾರು? ಟ್ಯಾಕ್ಟಿಕ್ಸ್‌ನಲ್ಲಿ ಮಂಗಳೂರಿನ ಕೋಟೆಯೊಳಗಿನವರು ಸೋತಿರಲಿಲ್ಲ, ಅವರನ್ನು ಸೋಲಿಸಿದ್ದು ಹಸಿವು. ಬಿದನೂರಿನ ಆಪರೇಷನ್‌ನಲ್ಲಿ ಟಿಪ್ಪುವಿನದು ಸಂಪೂರ್ಣ ಗೆಲುವು. ಸ್ಟ್ರಾಟಜಿಯ ಮಟ್ಟದಲ್ಲಿ ಚಿತ್ರ ಬೇರೆ. ಬಾಂಬೆಯವರು ಒಂದು ಸೈನ್ಯವನ್ನೇ ಕಳೆದುಕೊಂಡರೂ ಅವರ ಉದ್ದೇಶ ಈಡೇರಿತ್ತು. ಟಿಪ್ಪು ಪೂರ್ವವನ್ನು ಬಿಟ್ಟು ಬಂದಿದ್ದ. ಜೂನ್‌ನಲ್ಲಿ ಕಡಲೂರಿನಲ್ಲಿ ಇಂಗ್ಲಿಷರು ಫ್ರೆಂಚ್ ಸೇನಾನಿ ಬುಸ್ಸಿಯ ಮೇಲೆ ಬಿದ್ದಾಗ ಆತನ ಪಕ್ಕದಲ್ಲಿ ಟಿಪ್ಪು ಇರಲಿಲ್ಲ. ಇತ್ತ ದಕ್ಷಿಣದಲ್ಲಿ ಕರ್ನಲ್ ಫುಲ್ಲರ್ಟನ್ ದಿಂಡಿಗಲ್, ಧಾರಾಪುರಂ ದಾಟಿ ನವೆಂಬರ್‌ನಲ್ಲಿ ಪಾಲಕ್ಕಾಡ್, ಕೊಯಮತ್ತೂರುಗಳನ್ನು ಹಿಡಿದ. ಶ್ರೀರಂಗಪಟ್ಟಣದ ಮೇಲೆ ಹೋಗಲು ಅವನು ಸಿದ್ಧನಾಗುತ್ತಿದ್ದಾಗ ಟಿಪ್ಪುವಿನ ಮುಖ್ಯ ಸೈನ್ಯ ಇನ್ನೂ ಮಂಗಳೂರಿನ ಗೋಡೆಯ ಮುಂದೆಯೇ ಕುಳಿತಿತ್ತು.

ಫುಲ್ಲರ್ಟನ್‌ನನ್ನು ತಡೆದದ್ದು ಟಿಪ್ಪುವಿನ ಸೈನ್ಯವಲ್ಲ, ಅವನದೇ ಮದ್ರಾಸ್ ಸರಕಾರ. ಸಂಧಿ ಮಾತುಕತೆ ನಡೆಯುತ್ತಿದೆ, ಹಿಂದೆ ಸರಿ ಎಂದು ಅದು ಆಜ್ಞಾಪಿಸಿತು. 1784ರ ಮಾರ್ಚ್ 11ರಂದು ಮಂಗಳೂರಿನಲ್ಲೇ ಒಪ್ಪಂದಕ್ಕೆ ಸಹಿಯಾಯಿತು. ಎರಡೂ ಕಡೆಯವರು ಗೆದ್ದ ನೆಲವನ್ನು ಹಿಂದಿರುಗಿಸಿ, ಸೆರೆಯಾಳುಗಳನ್ನು ಬಿಡುವುದೆಂದು ತೀರ್ಮಾನವಾಯಿತು.

ಬಿದನೂರನ್ನು ಗೆದ್ದ ಮೇಲೆ ಮಂಗಳೂರಿನ ಸುತ್ತ ಒಂದು ಚಿಕ್ಕ ಪಡೆಯನ್ನು ಕಾವಲಿಟ್ಟು, ಮುಖ್ಯ ಸೈನ್ಯದೊಂದಿಗೆ ಟಿಪ್ಪು ದಕ್ಷಿಣಕ್ಕೋ ಪೂರ್ವಕ್ಕೋ ಹೋಗಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ. ಮಳೆಗಾಲ ಮುಗಿಯುವವರೆಗೆ ಕೋಟೆಯವರು ಎಲ್ಲಿಗೂ ಹೋಗುವಂತಿರಲಿಲ್ಲ, ಅವರಿಗೆ ಯಾರೂ ನೆರವು ತರುವಂತೆಯೂ ಇರಲಿಲ್ಲ. ಇದಕ್ಕೆ ಎದುರು ವಾದವೂ ಇದೆ, ಅದು ಹಗುರವಾದದ್ದಲ್ಲ. ಮಂಗಳೂರು ಮೈಸೂರಿನ ಪಾಲಿಗೆ ಕಡಲಿನ ಬಾಗಿಲು. ಸಂಧಿಯ ಮೇಜಿನ ಮುಂದೆ ಕೂರುವ ಹೊತ್ತಿಗೆ ಅದು ಇಂಗ್ಲಿಷರ ಕೈಯಲ್ಲಿದ್ದಿದ್ದರೆ ಟಿಪ್ಪು ಅದಕ್ಕೆ ಬೆಲೆ ತೆರಬೇಕಾಗುತ್ತಿತ್ತು. ಕೋಟೆಯನ್ನು ಕಂದಕ ತೋಡಿ ಗೆಲ್ಲುವ ಬದಲು ಹಸಿವಿಗೆ ಬಿಡುವುದೆಂದು ಮೇ ತಿಂಗಳಲ್ಲೇ ತೀರ್ಮಾನಿಸಿದ್ದರೆ ಈ ಎರಡೂ ಸಾಧ್ಯವಿದ್ದವು. ಆಗ ಬೇಕಾಗುತ್ತಿದ್ದದ್ದು ಸುತ್ತುವರಿಯುವಷ್ಟು ಪಡೆ ಮಾತ್ರ. ಉಳಿದ ಸೈನ್ಯ ಫುಲ್ಲರ್ಟನ್‌ನ ದಾರಿಗೆ ಅಡ್ಡ ನಿಲ್ಲಬಹುದಿತ್ತು.