ಮೂಗಿನಿಂದ ಬಾಲದ ಬುಡದವರೆಗೆ: ಈ ಅಳತೆ ಕ್ರೇಟಿಗೋ, ಕೋಟಿಗೋ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಮುಧೋಳ ಹೆಣ್ಣು ನಾಯಿ ಇದೆ. ಚಳಿಗೆ ಒಂದು ಕೋಟು, ಕಾರಿನಲ್ಲಿ ಊರಿಗೆ ಕರೆದುಕೊಂಡು ಹೋಗಲು ಒಂದು ಕ್ರೇಟು ಬೇಕಿತ್ತು. ಮೂಗಿನಿಂದ ಬಾಲದ ಬುಡದವರೆಗೆ ಅಳೆಯಿರಿ ಅಂತ ಎಲ್ಲರೂ ಹೇಳಿದರು. ಅಳೆದಾಗ 97 ಸೆಂ.ಮೀ. ಬಂತು. ಅಷ್ಟು ಉದ್ದದ ಕೋಟೇ ಇರಲಿಲ್ಲ. ಇದ್ದುದರಲ್ಲೇ ದೊಡ್ಡದು, 80 ಸೆಂ.ಮೀ. ಕೋಟು ಆನ್‌ಲೈನಿನಲ್ಲಿ ತರಿಸಿದೆವು. ಅದೂ ಬಾಲ ದಾಟಿ ಕೆಳಗೆ ಜೋತು ಬೀಳ್ತಿದೆ. ಈಗ ಕ್ರೇಟು ತರಿಸೋಕೆ ಧೈರ್ಯ ಸಾಲ್ತಿಲ್ಲ. ನಾವು ಅಳೆದಿದ್ದೇ ತಪ್ಪಾ?
— ಬೀದರಿನ ಓದುಗರು

ಉತ್ತರ: ನೀವು ಅಳೆದಿದ್ದು ಸರಿಯಾಗೇ ಇದೆ. ಆದರೆ ಅದು ಕ್ರೇಟಿನ ಅಳತೆ, ಕೋಟಿನದಲ್ಲ. ನಾಯಿ ಕ್ರೇಟಿನೊಳಗೆ ತಲೆ ಸಮೇತ ಹೋಗುತ್ತದೆ. ಹಾಗಾಗಿ ಮೂಗಿನ ತುದಿಯಿಂದ ಲೆಕ್ಕ ಹಿಡಿಯಬೇಕು. ಕೋಟು ಶುರುವಾಗುವುದೇ ಕುತ್ತಿಗೆಯ ಬುಡದಿಂದ. ಮುಧೋಳ ನಾಯಿಗೆ ಮುಖವೂ ಉದ್ದ, ಕುತ್ತಿಗೆಯೂ ಉದ್ದ. ನಿಮ್ಮ 97ರಲ್ಲಿ ಸುಮಾರು 35 ಸೆಂ.ಮೀ. ಬರೀ ತಲೆ ಮತ್ತು ಕುತ್ತಿಗೆಯದೇ ಇರುತ್ತದೆ. ಬೆನ್ನು ಉಳಿಯುವುದು ಹೆಚ್ಚುಕಡಿಮೆ 62. ಅದಕ್ಕೆ 80ರ ಕೋಟು ಹಾಕಿದರೆ ಜೋತು ಬೀಳದೆ ಇನ್ನೇನಾಗುತ್ತದೆ?

ಬಂದಿರುವ ಕೋಟನ್ನು ಹಿಂದೆ ಕತ್ತರಿಸಿ ಹೊಲಿಸಿಕೊಂಡರಾಯ್ತು ಅಂದುಕೊಳ್ಳಬೇಡಿ. ಅದರ ಕುತ್ತಿಗೆ, ಎದೆ ಎಲ್ಲವೂ ಆ ಉದ್ದಕ್ಕೆ ತಕ್ಕಂತೆ ದೊಡ್ಡದಾಗಿರುತ್ತವೆ. ಉದ್ದ ಕಡಿಮೆ ಮಾಡಿದರೂ ಹೆಗಲ ಮೇಲೆ ನಿಲ್ಲದೆ ಒಂದು ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ವಾಪಸ್ ಕಳಿಸಲು ಬರುವುದಾದರೆ ಕಳಿಸಿಬಿಡಿ.

ಮೊದಲು ಬಾಲದ ಬುಡ ಎಲ್ಲಿದೆ ಅಂತ ಗೊತ್ತಾಗಬೇಕು, ಯಾಕೆಂದರೆ ಎರಡೂ ಅಳತೆ ಮುಗಿಯುವುದು ಅಲ್ಲೇ. ಒಂದು ಕೈಯಲ್ಲಿ ಬಾಲವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಇನ್ನೊಂದು ಕೈಯ ಬೆರಳನ್ನು ಸೊಂಟದ ಕಡೆಯಿಂದ ಬೆನ್ನೆಲುಬಿನ ಮೇಲೆ ಹಿಂದಕ್ಕೆ ಸರಿಸುತ್ತಾ ಬನ್ನಿ. ಎಲುಬು ಅಲುಗಾಡದೆ ಇದ್ದದ್ದು ಒಂದು ಕಡೆ ಬೆರಳಿನಡಿ ಅಲುಗಾಡಲು ಶುರುವಾಗುತ್ತದೆ. ಅದೇ ಬಾಲದ ಬುಡ. ಮುಧೋಳಕ್ಕೆ ಕೂದಲು ಗಿಡ್ಡ, ಕಣ್ಣಿಗೇ ಕಾಣುತ್ತದೆ. ಪಮೇರಿಯನ್ ಸಾಕಿದವರು ಮಾತ್ರ ಕಣ್ಣನ್ನು ನಂಬಬಾರದು, ಕೂದಲ ಪೊದೆಯಲ್ಲಿ ಮೂರು ನಾಲ್ಕು ಸೆಂ.ಮೀ. ಸುಮ್ನೆ ಸೇರಿಕೊಳ್ಳುತ್ತದೆ.

ಈಗ ಕ್ರೇಟಿನ ಅಳತೆ. ಇಲ್ಲಿ ಟೇಪನ್ನು ಮೂಗು, ಹಣೆ, ಕುತ್ತಿಗೆ, ಬೆನ್ನು ಅಂತ ಮೈಮೇಲೆ ಹಾಸಿಕೊಂಡು ಹೋಗಬಾರದು. ಏರಿಳಿತವೆಲ್ಲ ಸೇರಿ ಲೆಕ್ಕ ಜಾಸ್ತಿ ಬರುತ್ತದೆ. ನಮಗೆ ಬೇಕಾದದ್ದು ನೇರ ದೂರ. ನಮ್ಮ ಕಡೆ ಇದಕ್ಕೆ ಒಂದು ಅನುಕೂಲ ಇದೆ. ಬಹಳಷ್ಟು ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ಕಲ್ಲು ಕಲ್ಲಿನ ನಡುವೆ ನೇರ ಗೆರೆ. ಆ ಗೆರೆಯುದ್ದಕ್ಕೂ ನಾಯಿಯನ್ನು ನಿಲ್ಲಿಸಿ. ಪಾಲಿಶ್ ಮಾಡಿಸಿದ ನೆಲವಾದರೆ ಕಾಲು ಜಾರಿ ಅಗಲವಾಗುತ್ತವೆ, ಮೈ ತಗ್ಗುತ್ತದೆ. ಅದಕ್ಕೆ ಕಾಲಡಿ ಒಂದು ಗೋಣಿಚೀಲ ಹಾಸಿ, ಗೆರೆ ಪಕ್ಕದಲ್ಲಿ ಕಾಣುವ ಹಾಗೆ. ನಾಲ್ಕೂ ಕಾಲು ನೇರ ಕೆಳಗಿರಬೇಕು. ಒಬ್ಬರು ಮುಂದೆ ಕೂತು ಜೋಳದ ರೊಟ್ಟಿಯ ಚೂರನ್ನು ಅದರ ಮೂಗಿನ ಮಟ್ಟಕ್ಕೇ ಹಿಡಿಯಲಿ. ಚೂರು ಮೇಲಿದ್ದರೆ ತಲೆ ಎತ್ತಿ ಅಳತೆ ಕಮ್ಮಿಯಾಗುತ್ತದೆ. ದೂರವಿದ್ದರೆ ಕುತ್ತಿಗೆ ಚಾಚಿ ಜಾಸ್ತಿಯಾಗುತ್ತದೆ.

ಇನ್ನೊಬ್ಬರು ಒಂದು ದಪ್ಪ ಪುಸ್ತಕವನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಲಿ. ಪುಸ್ತಕ ಗಿಡ್ಡ ಅನಿಸಿದರೆ ಅಷ್ಟೇ ನೆಟ್ಟಗಿರುವ ರಟ್ಟಿನ ಡಬ್ಬಿಯೂ ಆದೀತು. ಅದರ ಅಂಚು ಮೂಗಿನ ತುದಿಯ ನೇರಕ್ಕೆ ಬಂದಾಗ ಬುಡದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹಾಗೇ ಬಾಲದ ಬುಡದ ನೇರಕ್ಕೂ ಒಂದು ಗುರುತು. ನಾಯಿಯನ್ನು ಬಿಟ್ಟುಬಿಡಿ, ಗುರುತುಗಳ ನಡುವಿನ ದೂರವನ್ನು ನಿಧಾನಕ್ಕೆ ಅಳೆದುಕೊಳ್ಳಿ. ಕಬ್ಬಿಣದ ಟೇಪನ್ನು ನಾಯಿಯ ಹತ್ತಿರ ತರಲೇಬೇಡಿ. ಒಮ್ಮೆ ಸರ್ರನೆ ಒಳಗೆ ಸುತ್ತಿಕೊಂಡರೆ ಮುಧೋಳ ಮತ್ತೆ ಆ ಕೋಣೆಗೇ ಬರುವುದಿಲ್ಲ. ದರ್ಜಿಯ ಟೇಪು ಸಾಕು. ಎರಡು ಮೂರು ಸಲ ಅಳೆದು ನೋಡಿ. ಎರಡು ಮೂರು ಸೆಂ.ಮೀ. ವ್ಯತ್ಯಾಸ ಬಂದರೆ ಪರವಾಗಿಲ್ಲ, ದೊಡ್ಡದನ್ನು ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಬಂದರೆ ತಲೆಯ ಸ್ಥಿತಿ ಬದಲಾಗಿದೆ ಅಂತಲೇ ಅರ್ಥ.

ನಿಮ್ಮ 97 ಹೀಗೆ ಬಂದದ್ದೇ ಅಂತ ಇಟ್ಟುಕೊಳ್ಳೋಣ. ಅದಕ್ಕೆ ಸುಮಾರು 10 ಸೆಂ.ಮೀ. ಸೇರಿಸಿದರೆ ಕ್ರೇಟಿನ ಒಳಗಿನ ಉದ್ದ 107 ಬೇಕು. ಒಳಗಿನ ಅನ್ನುವುದನ್ನು ನೆನಪಿಡಿ. ಮಾರುವವರು ಬರೆಯುವುದು ಸಾಮಾನ್ಯವಾಗಿ ಹೊರಗಿನ ಅಳತೆ. 42 ಇಂಚಿನ ಕ್ರೇಟು ಅಂದರೆ ಹೊರಗೇ 107 ಸೆಂ.ಮೀ. ಒಳಗಿನ ತಟ್ಟೆ ಇನ್ನೂ ಚಿಕ್ಕದು. ಹಾಗಾಗಿ 42 ನಿಮ್ಮ ನಾಯಿಗೆ ಸಾಲದು, ಅದರ ಮುಂದಿನ 48 ಇಂಚಿನದು ಬೇಕು.

ಮುಧೋಳದವರು ಎಡವುವುದು ಈ ಉದ್ದದಲ್ಲಲ್ಲ, ಎತ್ತರದಲ್ಲಿ. ಅಂಗಡಿಯ ಕ್ರೇಟುಗಳನ್ನು ಮಾಡಿರುವುದು ಲ್ಯಾಬ್ರಡಾರ್‌ನಂಥ ಗಿಡ್ಡ ಕಾಲಿನ, ತುಂಬಿದ ಮೈಯ ನಾಯಿಗಳಿಗೆ ಹೊಂದುವ ಹಾಗೆ. ಬೇಟೆನಾಯಿಗೆ ಕಾಲು ಉದ್ದ, ಅದರ ಮೇಲೆ ಎತ್ತಿದ ಕುತ್ತಿಗೆ. ನಾಯಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಒಂದು ಸ್ಕೇಲನ್ನು ಅಡ್ಡ ಹಿಡಿದು ಗೋಡೆಗೆ ಗುರುತು ಹಾಕಿ. ಕಿವಿ ನೆಟ್ಟಗಿರುವ ನಾಯಿಯಾದರೆ ಕಿವಿಯ ತುದಿಯ ಮಟ್ಟ. ಕೂರಿಸಿಯೂ ಒಂದು ಸಲ ನೋಡಿ, ಕೆಲವು ನಾಯಿಗಳು ಕೂತಾಗಲೇ ಎತ್ತರ ಕಾಣುತ್ತವೆ. ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಹಿಡಿಯಿರಿ. ನಿಮ್ಮ ನಾಯಿಯದು 84 ಬಂತು ಅನ್ನಿ. ಹಾಸಿಗೆಯ ದಪ್ಪ, ಮೇಲೆ ಒಂದಿಷ್ಟು ಜಾಗ ಸೇರಿ 90ರ ಆಸುಪಾಸು ಬೇಕು. ಸಾಮಾನ್ಯ 48 ಇಂಚಿನ ಕ್ರೇಟಿನ ಎತ್ತರ 83, 84ರ ಹತ್ತಿರವೇ ಮುಗಿಯುತ್ತದೆ. ಉದ್ದಕ್ಕೆ ಸರಿ ಹೋದದ್ದು ಎತ್ತರಕ್ಕೆ ಸಿಕ್ಕಿಹಾಕಿಕೊಂಡಿತು, ಅಲ್ವಾ?

ನನ್ನ ಅಭಿಪ್ರಾಯ ಕೇಳಿದರೆ, ಕಾರಿಗೆ 48ರ ಕ್ರೇಟೇ ಇರಲಿ. ಕಾರು ಓಡುವಾಗ ನಾಯಿ ಹೆಚ್ಚು ಹೊತ್ತು ಮಲಗೇ ಇರುತ್ತದೆ. ದಪ್ಪ ಹಾಸಿಗೆಯ ಬದಲು ತೆಳ್ಳನೆಯ ಜಮಖಾನ ಹಾಕಿ, ದಾರಿಯಲ್ಲಿ ಇಳಿಸಿ ಕಾಲಾಡಿಸಿ. ಆದರೆ ಹಣ ಕೊಡುವ ಮುಂಚೆ ಕಾರಿನ ಹಿಂಬದಿಯನ್ನೂ ಅಳೆದು ಬಿಡಿ. 122 ಸೆಂ.ಮೀ. ಉದ್ದದ ಕ್ರೇಟು ಸಣ್ಣ ಕಾರಿನೊಳಗೆ ಬಾಗಿಲಲ್ಲೇ ತೂರುವುದಿಲ್ಲ. ರಾತ್ರಿಯೆಲ್ಲ ಬಾಗಿಲು ಹಾಕಿ ಮನೆಯಲ್ಲಿ ಇಡುವುದಾದರೆ ಮಾತ್ರ ಎತ್ತರದಲ್ಲಿ ರಾಜಿ ಬೇಡ. ಅದಕ್ಕೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಹೇಳಿ ಮಾಡಿಸುವುದು ವಾಸಿ. ಒಳಗೆ ಉದ್ದ 110, ಅಗಲ 75, ಎತ್ತರ 92 ಅಂತ ಚೀಟಿ ಬರೆದುಕೊಡಿ. ಸರಳುಗಳ ನಡುವೆ ಎರಡು ಬೆರಳಿಗಿಂತ ಜಾಸ್ತಿ ಸಂದು ಬೇಡ. ಮುಧೋಳದ ಮೂತಿ ಸಣ್ಣಗಿದೆ, ದೊಡ್ಡ ಸಂದಿನಲ್ಲಿ ದವಡೆ ಸಿಕ್ಕಿಕೊಳ್ಳುತ್ತದೆ. ಅಗಲ ಅಷ್ಟು ಯಾಕೆ ಅಂದರೆ ಈ ನಾಯಿಗಳು ಮುದುಡಿಕೊಂಡು ಮಲಗುವುದಕ್ಕಿಂತ ಕಾಲು ಚಾಚಿ ಒಂದು ಮಗ್ಗುಲಿಗೆ ಮಲಗುವುದೇ ಹೆಚ್ಚು. ಮತ್ತೆ, ನಮ್ಮ ಬೇಸಿಗೆಗೆ ನಾಲ್ಕೂ ಕಡೆ ಗಾಳಿಯಾಡುವ ಸರಳಿನದೇ ಸರಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಕಲಬುರಗಿಯ ಏಪ್ರಿಲ್ ಮಧ್ಯಾಹ್ನಕ್ಕೆ ಆಗಿಬರುವುದಿಲ್ಲ.

ಹೈದರಾಬಾದಿನಿಂದ ವಿಮಾನದಲ್ಲಿ ಕಳಿಸುವ ಯೋಚನೆ ಇರುವವರಿಗೆ ಲೆಕ್ಕ ಬೇರೆ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ನಿಯಮದಲ್ಲಿ ಕ್ರೇಟಿನ ಉದ್ದ ಅಂದರೆ ಮೂಗಿನಿಂದ ಬಾಲದ ಬುಡದ ಅಳತೆಗೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದಷ್ಟು. ನಿಮ್ಮ ನಾಯಿಯ ಮೊಣಕೈ 36ರಲ್ಲಿದ್ದರೆ 97ಕ್ಕೆ 18 ಸೇರಿ 115. ಅಗಲ ಕನಿಷ್ಠ ಹೆಗಲಿನ ಅಗಲದ ಎರಡರಷ್ಟು. ಎತ್ತರ ನಿಂತ ನಾಯಿಯ ನೆತ್ತಿ ಅಥವಾ ಕಿವಿಯ ತುದಿ, ಯಾವುದು ಮೇಲಿದೆಯೋ ಅಲ್ಲಿಯವರೆಗೆ, ಜೊತೆಗೆ ಹಾಸಿಗೆಯ ದಪ್ಪ. ಪಗ್‌ನಂಥ ಮೂಗು ಚಪ್ಪಟೆಯ ನಾಯಿಗಳಿಗೆ ಇದಕ್ಕಿಂತ ಶೇ. 10ರಷ್ಟು ದೊಡ್ಡದು ಬೇಕು. ವಿಮಾನ ಕಂಪನಿಯವರು ತಮ್ಮದೇ ಷರತ್ತು ಸೇರಿಸುವುದುಂಟು, ಮೊದಲೇ ಕೇಳಿಕೊಳ್ಳಿ.

ಇನ್ನು ಕೋಟು. ಬೀದರದಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಉಷ್ಣಾಂಶ ಒಂದಂಕಿಗೆ ಇಳಿಯುವುದುಂಟು. ಮೈಯಲ್ಲಿ ಕೊಬ್ಬಿಲ್ಲದ, ಗಿಡ್ಡ ಕೂದಲಿನ ಮುಧೋಳ ನಡುಗುವುದು ಸಹಜ. ಇಲ್ಲಿ ಟೇಪು ಮೈಮೇಲೇ ಹಾಸಬೇಕು, ಬಟ್ಟೆಯೂ ಹಾಗೇ ಕೂರುವುದರಿಂದ. ಕೊರಳಪಟ್ಟಿ ಸಡಿಲವಾಗಿ ಕೆಳಗಿಳಿದು ನಿಲ್ಲುವ ಜಾಗ, ಅಂದರೆ ಹೆಗಲಿನ ಎಲುಬುಗಳ ಸ್ವಲ್ಪ ಮುಂದಿನಿಂದ, ಬಾಲದ ಬುಡದವರೆಗೆ. ನಿಮ್ಮದು 62 ಬಂದೀತು. ಆದರೆ ಸೈಜ್ ಆಯ್ಕೆ ಮಾಡಬೇಕಾದದ್ದು ಎದೆಯ ಸುತ್ತಳತೆಯಿಂದ. ಮುಂಗಾಲಿನ ಹಿಂದೆ, ಎದೆ ಎಲ್ಲಕ್ಕಿಂತ ಆಳವಾಗಿರುವ ಕಡೆ ಟೇಪು ಸುತ್ತಿ, ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಡಿ. ಮುಧೋಳಕ್ಕೆ ಎದೆ ಆಳ, ಹೊಟ್ಟೆ ಒಳಗೆ. ಬೆನ್ನಿನ ಉದ್ದ ನೋಡಿ ತಂದ ಕೋಟು ಎದೆಗೆ ಬಿಗಿ, ಸೊಂಟಕ್ಕೆ ಜೋಲು ಆಗುವುದು ಇದೇ ಕಾರಣಕ್ಕೆ. ಚಾರ್ಟಿನಲ್ಲಿ ಬೆನ್ನು 60, 65 ಅಂತ ಎರಡಿದ್ದರೆ ಯಾವುದರ ಎದೆ ನಿಮ್ಮ ಅಳತೆಗೆ ಹೊಂದುತ್ತದೋ ಅದು. ಎರಡೂ ಹೊಂದಿದರೆ 60 ತೆಗೆದುಕೊಳ್ಳಿ. ಬಾಲದ ಬುಡಕ್ಕಿಂತ ಎರಡು ಸೆಂ.ಮೀ. ಮೊದಲೇ ನಿಂತರೆ ಹೊಲಸಾಗುವುದಿಲ್ಲ. ಗಂಡು ನಾಯಿಗಾದರೆ ಹೊಟ್ಟೆಯ ಕೆಳಗಿನ ಪಟ್ಟಿ ಎಲ್ಲಿಗೆ ಮುಗಿಯುತ್ತದೆ ಅಂತಲೂ ನೋಡಿ, ಇಲ್ಲವಾದರೆ ದಿನಾ ಒಗೆಯುವ ಕೆಲಸ.

ಹೊಸ ಕೋಟು ಬಂದಾಗ ಮನೆಯೊಳಗೇ ಅರ್ಧ ತಾಸು ಹಾಕಿ ಓಡಾಡಿಸಿ, ಚೀಟಿ ಕೀಳಬೇಡಿ. ತೆಗೆದ ಮೇಲೆ ಮುಂಗಾಲಿನ ಕಂಕುಳಲ್ಲಿ ಬೆರಳಾಡಿಸಿ ನೋಡಿ. ಅಲ್ಲಿ ಚರ್ಮ ಕೆಂಪಾಗಿದ್ದರೆ ಎದೆ ಚಿಕ್ಕದಾಗಿದೆ, ಮುಂದಿನ ಸೈಜಿಗೆ ಬದಲಾಯಿಸಿಕೊಳ್ಳಿ. ಬಿಸಿಲು ಏರಿದ ಮೇಲೆ ಕೋಟು ಬಿಚ್ಚಿಡಿ. ಕೋಟು ಹಾಕಿ ಕ್ರೇಟಿನಲ್ಲಿ ಮಲಗಿಸಬೇಡಿ. ಸರಳಿಗೆ ಸಿಕ್ಕಿಕೊಂಡ ಪಟ್ಟಿಯನ್ನು ನಾಯಿ ತಾನೇ ಬಿಡಿಸಿಕೊಳ್ಳಲಾರದು.