ಕೊನೆಯಲ್ಲಿ ‘ವದಿಷ್ಯಾಮಿ’ ಅಲ್ಲ, ‘ಅವಾದಿಷಮ್’: ಶಾಂತಿಮಂತ್ರದ ಟಿಪ್ಪಣಿ

ತೈತ್ತಿರೀಯ ಉಪನಿಷತ್ತಿನ ಮೊದಲ ಅಧ್ಯಾಯವಾದ ಶೀಕ್ಷಾವಲ್ಲಿ ಕಲಿಯಲು ಶುರು ಮಾಡಿದಾಗ ನಾನು ಒಂದು ತಪ್ಪು ಮಾಡುತ್ತಿದ್ದೆ. ಅದರ ಮೊದಲ ಅನುವಾಕ, ಅಂದರೆ ಮೊದಲ ಭಾಗ, ‘ಶಂ ನೋ ಮಿತ್ರಃ’, ಕೊನೆಯ ಹನ್ನೆರಡನೆಯದೂ ‘ಶಂ ನೋ ಮಿತ್ರಃ’. ಅದೇ ಮಂತ್ರ ಅಲ್ವಾ ಅಂದುಕೊಂಡು ಕೊನೆಯಲ್ಲೂ ಮೊದಲಿನದ್ದನ್ನೇ ಹೇಳಿಬಿಡುತ್ತಿದ್ದೆ. ಆದರೆ ಎರಡೂ ಒಂದೇ ಅಲ್ಲ.

ಮೊದಲ ಅರ್ಧದಲ್ಲಿ ವ್ಯತ್ಯಾಸವಿಲ್ಲ. ಮಿತ್ರ, ವರುಣ, ಅರ್ಯಮ, ಇಂದ್ರ, ಬೃಹಸ್ಪತಿ, ವಿಷ್ಣು ನಮಗೆ ಒಳ್ಳೆಯದು ಮಾಡಲಿ ಎಂದು ಕೇಳಿ, ಆಮೇಲೆ ವಾಯುವಿಗೆ ನಮಸ್ಕಾರ: ‘ನೀನೇ ಕಣ್ಣಿಗೆ ಕಾಣುವ ಬ್ರಹ್ಮ.’ ಇಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ. ಪಾಠದ ಮೊದಲು ಹೇಳುವುದು ‘ಋತಂ ವದಿಷ್ಯಾಮಿ, ಸತ್ಯಂ ವದಿಷ್ಯಾಮಿ’, ಅಂದರೆ ಹೇಳುತ್ತೇನೆ, ಇನ್ನು ಮುಂದೆ. ಪಾಠ ಮುಗಿದ ಮೇಲೆ ‘ಋತಮವಾದಿಷಮ್, ಸತ್ಯಮವಾದಿಷಮ್’, ಅಂದರೆ ಹೇಳಿದೆ, ಆಯಿತು. ಹಾಗೆಯೇ ಮೊದಲು ‘ತನ್ಮಾಮವತು, ತದ್ವಕ್ತಾರಮವತು’: ಅದು ನನ್ನನ್ನು ಕಾಪಾಡಲಿ, ಹೇಳಿಕೊಡುವವರನ್ನು ಕಾಪಾಡಲಿ. ಕೊನೆಗೆ ‘ತನ್ಮಾಮಾವೀತ್, ತದ್ವಕ್ತಾರಮಾವೀತ್’: ನನ್ನನ್ನು ಕಾಪಾಡಿತು, ಅವರನ್ನೂ ಕಾಪಾಡಿತು. ಮೊದಲು ಬೇಡಿದ್ದಕ್ಕೆ ಇಲ್ಲಿ ಲೆಕ್ಕ ಒಪ್ಪಿಸಿದ ಹಾಗಿದೆ.

ಕಿವಿಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. ‘ಮಾಮವತು’ ಎನ್ನುವಾಗ ಎರಡನೆಯ ‘ಮ’ ಹ್ರಸ್ವ. ‘ಮಾಮಾವೀತ್’ ಎನ್ನುವಾಗ ಅದು ದೀರ್ಘ. ಆ ದೀರ್ಘ ಸುಮ್ನೆ ಬಂದದ್ದಲ್ಲ. ಭೂತಕಾಲಕ್ಕೆಂದು ಧಾತುವಿನ ಆರಂಭದಲ್ಲಿ ಸೇರುವ ಗುರುತು ಅದರಲ್ಲಿದೆ. ಅದನ್ನು ನುಂಗಿದರೆ ಕಾಲವನ್ನೇ ನುಂಗಿದಂತೆ.

ಇಷ್ಟಾದ ಮೇಲೆ ‘ಓಂ ಶಾಂತಿಃ ಶಾಂತಿಃ ಶಾಂತಿಃ’.

ಶಾಂತಿ ಎಂದರೆ ಇಲ್ಲಿ ಗಲಾಟೆ ಇಲ್ಲದಿರುವುದು ಎಂದು ತಿಳಿದರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ. ‘ಶಮ್’ ಧಾತುವಿಗೆ ತಣ್ಣಗಾಗು, ಅಡಗು ಎಂಬ ಅರ್ಥವಿದೆ. ನಮ್ಮ ಮನೆಗಳಲ್ಲಿ ‘ಗ್ರಹಶಾಂತಿ ಮಾಡಿಸಿದರು’ ಅನ್ನುತ್ತೇವಲ್ಲ, ಅದೇ ಜಾಡು. ಕಾಡುವುದೇನೋ ಇದೆ, ಅದು ಅಡಗಲಿ.

ಹಾಗಾದರೆ ಕಾಡುವುದು ಏನು? ತೈತ್ತಿರೀಯಕ್ಕೆ ಭಾಷ್ಯ ಬರೆದ ಶಂಕರಾಚಾರ್ಯರು ಮೊದಲ ಅನುವಾಕದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ವಿದ್ಯೆ ಪಡೆಯುವುದಕ್ಕೆ ಮೂರು ಕಡೆಯಿಂದ ಅಡ್ಡಿ ಬರುತ್ತದೆ: ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ. ಮೂರೂ ಅಡಗಲಿ ಎಂದು ಮೂರು ಸಲ. ಗಮನಿಸಿ, ಅವರು ಹೇಳುತ್ತಿರುವುದು ಲೋಕದ ಎಲ್ಲ ಕಷ್ಟಗಳ ಮಾತಲ್ಲ, ಪಾಠಕ್ಕೆ ಬರುವ ಅಡ್ಡಿಗಳ ಮಾತು.

ಒಂದು ಸಂಜೆಯ ಪಾಠವನ್ನೇ ತೆಗೆದುಕೊಳ್ಳಿ. ನನಗೆ ತೂಕಡಿಕೆ, ಗಂಟಲು ಕಟ್ಟಿದೆ, ಮನಸ್ಸು ಮೊಬೈಲಿನ ಕಡೆ. ಇವೆಲ್ಲ ನನ್ನ ಮೈ ಮನಸ್ಸಿನೊಳಗಿನವು, ಆಧ್ಯಾತ್ಮಿಕ. ಈ ಪದಕ್ಕೆ ಇಲ್ಲಿ ಈಗಿನ ‘ದೇವರ ವಿಚಾರ’ ಎಂಬ ಅರ್ಥ ಹಚ್ಚಬೇಡಿ, ‘ತನಗೆ ಸಂಬಂಧಿಸಿದ್ದು’ ಅಷ್ಟೇ. ಸೊಳ್ಳೆ ಕಚ್ಚುತ್ತಿದೆ, ಪಕ್ಕದ ಮನೆಯ ಟಿವಿ ಜೋರಾಗಿದೆ. ಬೇರೆ ಜೀವಿಗಳಿಂದ ಬಂದದ್ದು, ಆಧಿಭೌತಿಕ. ಸಿಡಿಲು ಮಳೆ ಬಂದು ಗುರುಗಳ ಮಾತೇ ಕೇಳಿಸುತ್ತಿಲ್ಲ. ಯಾರ ಕೈಯಲ್ಲೂ ಇಲ್ಲದ್ದು, ಆಧಿದೈವಿಕ. ಕರೆಂಟ್ ಹೋದರೆ ಯಾವುದಕ್ಕೆ ಸೇರುತ್ತದೆ ಎಂದು ನಮ್ಮ ತರಗತಿಯಲ್ಲಿ ಜಗಳವೇ ಆಯಿತು! ಮರ ಬಿದ್ದು ಹೋಗಿದ್ದರೆ ಮೂರನೆಯದು, ಯಾರೋ ಫ್ಯೂಸ್ ತೆಗೆದಿದ್ದರೆ ಎರಡನೆಯದು. ಅಡ್ಡಿ ಯಾವುದು ಎನ್ನುವುದಕ್ಕಿಂತ ಎಲ್ಲಿಂದ ಬಂತು ಎಂಬುದರ ಮೇಲೆ ಈ ವಿಂಗಡಣೆ ನಿಂತಿದೆ.

ಈ ಮೂರರ ಲೆಕ್ಕ ವೇದಾಂತದವರದ್ದು ಮಾತ್ರವಲ್ಲ. ಸಾಂಖ್ಯ ದರ್ಶನದ ಗ್ರಂಥವಾದ ಸಾಂಖ್ಯಕಾರಿಕೆಯ ಮೊದಲ ಶ್ಲೋಕವೇ ‘ದುಃಖತ್ರಯ’, ಅಂದರೆ ಮೂರು ದುಃಖ, ಎಂದು ಶುರುವಾಗುತ್ತದೆ.

ಮೊದಲನೆಯ ಶಾಂತಿಯನ್ನು ಜೋರಾಗಿ, ಎರಡನೆಯದನ್ನು ಮೆಲ್ಲಗೆ, ಮೂರನೆಯದನ್ನು ಇನ್ನೂ ಮೆಲ್ಲಗೆ ಹೇಳಬೇಕು ಎಂದು ಕೆಲವರು ಕಲಿಸುತ್ತಾರೆ. ದೂರದ ದೈವಕ್ಕೆ ಜೋರು, ಒಳಗಿನದಕ್ಕೆ ಮೆಲುದನಿ ಎಂಬುದು ಅವರ ವಿವರಣೆ. ಚೆನ್ನಾಗಿದೆ. ಆದರೆ ಶಂಕರರ ಪಟ್ಟಿ ಒಳಗಿನಿಂದ ಶುರುವಾಗಿ ಹೊರಗೆ ಹೋಗುತ್ತದೆ, ಇದು ತಲೆಕೆಳಗು. ಯಾವ ಶಾಂತಿ ಯಾವುದಕ್ಕೆ ಎಂದು ಮಂತ್ರದಲ್ಲಂತೂ ಇಲ್ಲ. ಹಾಗಾಗಿ ನಾನು ಇದನ್ನು ನೆನಪಿಟ್ಟುಕೊಳ್ಳುವ ಉಪಾಯ ಎಂದಷ್ಟೇ ಇಟ್ಟುಕೊಂಡಿದ್ದೇನೆ.

ನಿಜವಾಗಿ ಬದಲಾಗುವುದು ಸ್ವರ. ತೈತ್ತಿರೀಯ ಪಾಠದ ಪುಸ್ತಕ ತೆರೆದರೆ ಮೊದಲ ಎರಡು ‘ತಿಃ’ಗಳ ಕೆಳಗೆ ಅಡ್ಡಗೆರೆ, ಕೊನೆಯದರ ಮೇಲೆ ನೆಟ್ಟಗಿನ ಗೆರೆ ಕಾಣುತ್ತದೆ. ‘ಶಾ’ ಮೂರು ಸಲವೂ ಉದಾತ್ತ, ಅಂದರೆ ಗೆರೆಯಿಲ್ಲದ ಸಮದನಿ. ಅದರ ನಂತರದ ‘ತಿ’ ಸಾಮಾನ್ಯವಾಗಿ ಸ್ವರಿತವಾಗಿ ಮೇಲೇರಬೇಕು. ಆದರೆ ತಕ್ಷಣ ಮುಂದೆ ಇನ್ನೊಂದು ‘ಶಾ’ ಕಾದಿರುವುದರಿಂದ ಮೊದಲ ಎರಡು ಅನುದಾತ್ತವಾಗಿ ಕೆಳಗೇ ಉಳಿಯುತ್ತವೆ. ಮೂರನೆಯದರ ಮುಂದೆ ಯಾರೂ ಇಲ್ಲ, ಅದು ಮೇಲೇರುತ್ತದೆ. ಮೂರನ್ನೂ ಒಂದೇ ರಾಗದಲ್ಲಿ ಎಳೆದರೆ ಗುರುಗಳು ನಿಲ್ಲಿಸಿ ಮತ್ತೆ ಹೇಳಿಸುವುದು ಇದಕ್ಕೇ.